ತೋಟದಿಂದ ಮನೆಬಾಗಿಲಿಗೆ: ಮಾವಿನ ಪೆಟ್ಟಿಗೆಯ ಹಿಂದಿನ ವಿಜ್ಞಾನ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತ ಮಾವು ಬೆಳೆಯುವ ಸಣ್ಣ ರೈತನೊಬ್ಬನಿಗೆ ಬಹುಕಾಲ ಇದ್ದ ದಾರಿಗಳು ಎರಡೇ. ಹೂ ಬಿಟ್ಟ ಹಂತದಲ್ಲಿಯೇ ಇಡೀ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡುವುದು ಒಂದು. ಕಾಯಿ ಕಿತ್ತು ಮಂಡಿಗೆ ಸಾಗಿಸಿ ಅಲ್ಲಿ ಸಿಕ್ಕಿದ ಬೆಲೆಗೆ ಒಪ್ಪಿಸುವುದು ಇನ್ನೊಂದು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ದಾರಿ ತೆರೆದಿದೆ. ರೈತ ತನ್ನ ತೋಟದಲ್ಲಿ ನಿಂತು ಅರ್ಧ ನಿಮಿಷದ ವಿಡಿಯೊ ಮಾಡುತ್ತಾನೆ. ಅದನ್ನು ನೋಡಿದ ಬೆಂಗಳೂರಿನ ಗ್ರಾಹಕ 'ಎರಡು ಪೆಟ್ಟಿಗೆ ಬಾದಾಮಿ ಕಳಿಸಿ' ಎಂದು ಸಂದೇಶ ಬರೆಯುತ್ತಾನೆ. ಎರಡು ಮೂರು ದಿನಗಳಲ್ಲಿ ಪೆಟ್ಟಿಗೆ ಮನೆಗೆ ಬರುತ್ತದೆ.

ಇದಕ್ಕೆ ಬೇಕಾದ ಸಾಧನಗಳು ಒಂದೊಂದಾಗಿ ಕೂಡಿಕೊಂಡವು. ಫೋನಿನಿಂದ ಫೋನಿಗೆ ಹಣ ಕಳಿಸುವ ಯುಪಿಐ ವ್ಯವಸ್ಥೆ 2016ರಲ್ಲಿ ಬಂತು. ಸಣ್ಣ ವ್ಯಾಪಾರಿಗಳಿಗಾಗಿಯೇ ರೂಪಿಸಿದ ವಾಟ್ಸ್‌ಆ್ಯಪ್ ಬಿಸಿನೆಸ್ 2018ರಲ್ಲಿ ಬಂತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಷೇಧಕ್ಕೊಳಗಾಯಿತು. ಅದಾದ ಕೆಲವೇ ತಿಂಗಳುಗಳಲ್ಲಿ ಇನ್‌ಸ್ಟಾಗ್ರಾಂನ ರೀಲ್ಸ್ ಮತ್ತು ಯೂಟ್ಯೂಬಿನ ಶಾರ್ಟ್ಸ್ ಇಲ್ಲಿ ಪ್ರಾರಂಭವಾದವು. ಅದೇ ವರ್ಷದ ಲಾಕ್‌ಡೌನ್ ಮಂಡಿಗಳನ್ನು ಮಂಕಾಗಿಸಿದಾಗ ಅನೇಕ ಬೆಳೆಗಾರರು ಅನಿವಾರ್ಯವಾಗಿ ಈ ದಾರಿ ಹಿಡಿದರು.

ಸಾಧನಗಳು ಸುಲಭವಾಗಿ ಕೈಗೆ ಸಿಕ್ಕಿದವೆಂದ ಮಾತ್ರಕ್ಕೆ ಮಾರಾಟ ಸುಲಭವಾಯಿತೆಂದು ಅರ್ಥವಲ್ಲ. ಮಂಡಿಯಲ್ಲಿ ಕೊಳ್ಳುವವನು ಕಾಯನ್ನು ಕೈಯಲ್ಲಿ ಹಿಡಿದು, ಮೂಸಿ, ತೂಗಿ ನೋಡುತ್ತಾನೆ. ಇಲ್ಲಿ ಗ್ರಾಹಕನಿಗೆ ಸಿಗುವುದು ಒಂದು ಚಿತ್ರ ಮಾತ್ರ. ಅವನು ಕಂಡ ಚಿತ್ರಕ್ಕೂ ಅವನ ಮನೆಗೆ ಬಂದ ಹಣ್ಣಿಗೂ ಹೊಂದಾಣಿಕೆ ಇಲ್ಲದಿದ್ದರೆ ಮುಂದಿನ ವರ್ಷ ಅವನು ಮತ್ತೆ ಕೇಳುವುದಿಲ್ಲ. ಈ ಅಂತರ ಎಲ್ಲೆಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ಕಡಿಮೆ ಮಾಡಬಹುದು ಎಂಬುದನ್ನು ಬಾದಾಮಿ ಮಾವನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ. ಧಾರವಾಡದ ಕಡೆ ಆಪೂಸ್ ಎಂದು ಕರೆಯುವ ತಳಿಯೇ ಹಳೆಯ ಮೈಸೂರು ಭಾಗದ ಬಾದಾಮಿ.

ಕ್ಯಾಮೆರಾ ಹೇಳುವುದೆಲ್ಲ ನಿಜವೇ?

ವಿಡಿಯೊದಲ್ಲಿ ಮೊದಲು ಮೋಸ ಹೋಗುವುದು ಗಾತ್ರದ ವಿಷಯದಲ್ಲಿ. ಮಸೂರದ ಮೂಲಕ ಮೂಡುವ ಬಿಂಬದ ಗಾತ್ರ ವಸ್ತುವಿನ ದೂರ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ ಎಂಬುದು ನಮಗೆಲ್ಲ ತಿಳಿದ ಸಂಗತಿ. ರೈತ ಕೈ ಮುಂದೆ ಚಾಚಿ, ಕಾಯನ್ನು ಫೋನಿನಿಂದ 20 ಸೆಂ.ಮೀ. ದೂರದಲ್ಲಿ ಹಿಡಿದಿದ್ದಾನೆ, ಅವನ ಮುಖ 60 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಮುಖಕ್ಕೆ ಹೋಲಿಸಿದಾಗ ಕಾಯಿ ಇರುವುದಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದರಲ್ಲಿ ರೈತನ ಕಪಟವೇನೂ ಇಲ್ಲ. ಆದರೆ ಪೆಟ್ಟಿಗೆ ತೆರೆದ ಗ್ರಾಹಕನಿಗೆ 'ಚಿಕ್ಕ ಕಾಯಿ ಕಳಿಸಿದ್ದಾರೆ' ಎನಿಸುತ್ತದೆ. ಇದಕ್ಕೆ ಪರಿಹಾರ ಸರಳವಾಗಿದೆ. ಕಾಯನ್ನು ತೂಕದ ಯಂತ್ರದ ಮೇಲಿಟ್ಟು ಅಂಕಿ ಕಾಣುವಂತೆ ಚಿತ್ರಿಸಬೇಕು, ಮತ್ತು 'ಮೂರು ಕಿಲೋ ಪೆಟ್ಟಿಗೆಯಲ್ಲಿ 12 ಕಾಯಿ' ಎಂದು ಸಂಖ್ಯೆ ಹೇಳಬೇಕು. ಆಗ ಒಂದೊಂದು ಕಾಯಿ 250 ಗ್ರಾಂ ಎಂಬುದು ನೋಡುವವನಿಗೆ ತಾನಾಗಿಯೇ ಗೊತ್ತಾಗುತ್ತದೆ.

ಎರಡನೆಯದು ಬಣ್ಣ. ಬೆಳಕು ಬದಲಾದರೂ ಬಿಳಿಯ ಕಾಗದ ನಮ್ಮ ಕಣ್ಣಿಗೆ ಬಿಳಿಯಾಗಿಯೇ ಕಾಣುತ್ತದೆ. ಮೆದುಳು ಆ ತಿದ್ದುಪಡಿಯನ್ನು ಮಾಡಿಕೊಳ್ಳುತ್ತದೆ. ಫೋನಿನ ಕ್ಯಾಮೆರಾ ಈ ಕೆಲಸವನ್ನು ವೈಟ್ ಬ್ಯಾಲೆನ್ಸ್ ಎಂಬ ಲೆಕ್ಕಾಚಾರದಿಂದ ಮಾಡುತ್ತದೆ. ಚಿತ್ರದ ಒಟ್ಟು ಸರಾಸರಿ ಬಣ್ಣ ಬೂದಿಗೆ ಹತ್ತಿರವಿರಬೇಕೆಂಬ ಊಹೆ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ. ಚೌಕಟ್ಟಿನ ತುಂಬ ಹಳದಿ ಹಣ್ಣುಗಳೇ ಇದ್ದರೆ 'ಬೆಳಕೇ ಹಳದಿಯಾಗಿದೆ' ಎಂದು ಕ್ಯಾಮೆರಾ ಭಾವಿಸಿ ನೀಲಿಯನ್ನು ಹೆಚ್ಚಿಸಬಹುದು, ಹಣ್ಣು ಪೇಲವವಾಗುತ್ತದೆ. ಮರದ ಕೆಳಗೆ ಎಲೆಗಳ ಮೂಲಕ ಸೋಸಿ ಬರುವ ಬೆಳಕೇ ಹಸಿರಾಗಿರುವುದರಿಂದ ಅಲ್ಲಿ ತೆಗೆದ ಚಿತ್ರದಲ್ಲಿ ಬಲಿತ ಕಾಯಿಯೂ ಎಳೆಯದೆಂಬಂತೆ ತೋರಬಹುದು. ಕಾಯಿಗಳ ಪಕ್ಕದಲ್ಲಿ ಒಂದು ಬಿಳಿಯ ಹಾಳೆ ಇಟ್ಟು, ಮರದಿಂದಾಚೆ ಬಯಲಿನ ನೆರಳಿನಲ್ಲಿ ಚಿತ್ರಿಸಿದರೆ ಕ್ಯಾಮೆರಾಗೂ ನೋಡುವವನಿಗೂ ಒಂದು ಆಧಾರ ಸಿಗುತ್ತದೆ.

ಮೂರನೆಯ ತೊಡಕು ಸೂಕ್ಷ್ಮವಾದುದು. ಫೋನಿನ ವಿಡಿಯೊದಲ್ಲಿ ಹೊಳಪಿನ ಮಾಹಿತಿಯನ್ನು ಪ್ರತಿಯೊಂದು ಬಿಂದುವಿಗೂ ಉಳಿಸಿಕೊಳ್ಳುತ್ತಾರೆ. ಬಣ್ಣದ ಮಾಹಿತಿಯನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಬಿಂದುಗಳಿಗೆ ಒಂದರಂತೆ ಇಡುತ್ತಾರೆ, ಏಕೆಂದರೆ ನಮ್ಮ ಕಣ್ಣು ಹೊಳಪಿನ ವಿವರಗಳನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ವಿವರಗಳನ್ನು ಗುರುತಿಸುವುದಿಲ್ಲ. ವಿಡಿಯೊವನ್ನು ಸಂದೇಶದ ಮೂಲಕ ಕಳಿಸುವಾಗ ಅದು ಮತ್ತೊಮ್ಮೆ ಸಂಕುಚಿತಗೊಳ್ಳುತ್ತದೆ. ಹೀಗಾಗಿ ಸಿಪ್ಪೆಯ ಮೇಲಿನ ಸೊನೆ ಕಲೆ, ಸಣ್ಣ ಕಂದು ಚುಕ್ಕೆ, ಹಣ್ಣು ನೊಣ ಚುಚ್ಚಿದ ಗುರುತು ಇವೆಲ್ಲ ಮಸುಕಾಗಿ ಕಾಯಿ ನಯವಾಗಿ ಕಾಣುತ್ತದೆ. ಗ್ರಾಹಕ ಪೆಟ್ಟಿಗೆ ತೆರೆದಾಗ ಕಲೆಗಳು ಹೊಸದಾಗಿ ಬಂದಂತೆ ಕಾಣುತ್ತವೆ. ಆದ್ದರಿಂದ ಅನುಭವಿ ಬೆಳೆಗಾರರು ಕಲೆಯಿರುವ ಒಂದು ಕಾಯನ್ನು ಬೇಕೆಂದೇ ಹತ್ತಿರದಿಂದ ತೋರಿಸಿ, 'ಇಂಥ ಸೊನೆ ಕಲೆ ಇರುತ್ತದೆ, ಒಳಗೆ ಏನೂ ಆಗಿರುವುದಿಲ್ಲ' ಎಂದು ಮೊದಲೇ ಹೇಳುತ್ತಾರೆ.

ಸಂದೇಶದಿಂದ ಕೊಯ್ಲಿಗೆ

ವಿಡಿಯೊ ನೋಡಿದವರ ಸಂದೇಶಗಳು ಹಗಲು ರಾತ್ರಿ ಬರುತ್ತಿರುತ್ತವೆ. 'ರೇಟ್ ಎಷ್ಟು', 'ನಮ್ಮ ಏರಿಯಾಗೆ ಬರುತ್ತಾ', 'ನಾಳೆ ಹೇಳ್ತೀನಿ' ಎಂಬ ಮಾತುಗಳ ನಡುವೆ ನಿಜವಾದ ಬೇಡಿಕೆ ಎಷ್ಟೆಂದು ತಿಳಿಯುವುದು ಕಷ್ಟ. ಆದರೆ ಕೊಯ್ಲಿಗೆ ಬೇಕಾದುದು ಒಂದು ಖಚಿತ ಸಂಖ್ಯೆ. ಮರದಲ್ಲಿರುವ ಕಾಯಿ ಇನ್ನೂ ಕೆಲವು ದಿನ ಕಾಯಬಲ್ಲದು; ಕಿತ್ತ ಕಾಯಿ ಕಾಯುವುದಿಲ್ಲ. ಹೀಗಾಗಿ ವಾರದ ಒಂದು ದಿನವನ್ನು ಗಡುವಾಗಿ ಇಟ್ಟುಕೊಳ್ಳುವ ಪದ್ಧತಿ ಬಂದಿದೆ. ಬುಧವಾರ ಸಂಜೆಗೆ ಬೇಡಿಕೆ ಮುಕ್ತಾಯ, ಗುರುವಾರ ಬೆಳಗ್ಗೆ ಕೊಯ್ಲು, ಶುಕ್ರವಾರ ಪೆಟ್ಟಿಗೆ ತುಂಬುವುದು, ಶನಿವಾರ ಮುಂಜಾನೆ ವಿತರಣೆ. ಹಣ ಬಂದ ಬೇಡಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪೆಟ್ಟಿಗೆಗಳ ಸಂಖ್ಯೆ, ಬಡಾವಣೆ ಅಥವಾ ಅಪಾರ್ಟ್‌ಮೆಂಟಿನ ಹೆಸರು, ಮನೆ ಸಂಖ್ಯೆ ಈ ಮೂರನ್ನು ಒಂದೇ ಸಂದೇಶದಲ್ಲಿ ಬರೆಯುವಂತೆ ಕೇಳಿಕೊಂಡು, ಅದೇ ಸಂಜೆ ಒಂದು ನೋಟ್‌ಬುಕ್ಕಿಗೆ ಬಡಾವಣೆವಾರು ಇಳಿಸಿಕೊಳ್ಳಬೇಕು. ಫೋನಿನಲ್ಲಿಯೇ ಬಿಟ್ಟ ಬೇಡಿಕೆ ಮರುದಿನದ ಸಂದೇಶಗಳ ಕೆಳಗೆ ಹೂತುಹೋಗುತ್ತದೆ.

ಇಲ್ಲಿ ಒಂದು ತಾಂತ್ರಿಕ ಅಂಶವನ್ನು ಗಮನಿಸಬೇಕು. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಒಂದೇ ಸಂದೇಶವನ್ನು 256 ಜನರವರೆಗೆ ಕಳಿಸಬಹುದು. ಆದರೆ ಕಳಿಸುವವನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಕಳೆದ ವರ್ಷದ ಗ್ರಾಹಕರಿಗೆಲ್ಲ ತಿಳಿಸಿದೆನೆಂದು ರೈತ ನಂಬಿರುತ್ತಾನೆ. ಅರ್ಧದಷ್ಟು ಜನಕ್ಕೆ ಸುದ್ದಿಯೇ ಹೋಗಿರುವುದಿಲ್ಲ. ಪೆಟ್ಟಿಗೆಯೊಳಗೆ 'ಈ ಸಂಖ್ಯೆಯನ್ನು ಉಳಿಸಿಕೊಳ್ಳಿ' ಎಂಬ ಚೀಟಿ ಇಡುವುದಕ್ಕೆ ಕಾರಣ ಇದು.

ಯಾವ ಕಾಯಿ ಕೀಳಬೇಕು?

ಇನ್ನು ವಿಡಿಯೊ ತೋರಿಸಲಾರದ ವಿಷಯಕ್ಕೆ ಬರೋಣ. ಬಾದಾಮಿಯ ಸಿಪ್ಪೆಯ ಬಣ್ಣ ನೋಡಿ ಅದು ಬಲಿತಿದೆಯೆಂದು ಹೇಳುವುದು ಕಷ್ಟ. ಬಲಿಯುತ್ತ ಹೋದಂತೆ ಕಾಯಿಯ ತಿರುಳಿನಲ್ಲಿ ಪಿಷ್ಟ ತುಂಬಿಕೊಳ್ಳುತ್ತದೆ, ಸಾಂದ್ರತೆ ಹೆಚ್ಚುತ್ತದೆ. ಎಳೆಯ ಕಾಯಿ ನೀರಿನಲ್ಲಿ ತೇಲುತ್ತದೆ, ಬಲಿತ ಕಾಯಿ ಮುಳುಗುತ್ತದೆ. ಕೊಯ್ಲಿಗೆ ಸಿದ್ಧವಾದ ಬಾದಾಮಿಯ ಸಾಪೇಕ್ಷ ಸಾಂದ್ರತೆ ಸುಮಾರು 1.01ರಿಂದ 1.02.

ಈ ಅಂತರ ಎಷ್ಟು ಚಿಕ್ಕದು ನೋಡಿ. 250 ಗ್ರಾಂ ತೂಗುವ ಕಾಯಿಯ ಸಾಪೇಕ್ಷ ಸಾಂದ್ರತೆ 1.01 ಇದ್ದರೆ ಅದರ ಗಾತ್ರ 247.5 ಘನ ಸೆಂ.ಮೀ. ಅದು ಸ್ಥಾನಪಲ್ಲಟಗೊಳಿಸುವ ನೀರಿನ ತೂಕ 247.5 ಗ್ರಾಂ. ಕಾಯನ್ನು ಕೆಳಕ್ಕೆಳೆಯುವ ನಿವ್ವಳ ತೂಕ ಕೇವಲ 2.5 ಗ್ರಾಂ! ಸಿಪ್ಪೆಗೆ ಅಂಟಿಕೊಂಡ ಗಾಳಿಯ ಗುಳ್ಳೆಗಳು ಒಟ್ಟಾಗಿ 3 ಘನ ಸೆಂ.ಮೀ. ಇದ್ದರೂ ಬಲಿತ ಕಾಯಿ ತೇಲಿಬಿಡುತ್ತದೆ. ಆದ್ದರಿಂದ ಕಾಯನ್ನು ನೀರಿನೊಳಗೆ ಅದ್ದಿ, ಕೈಯಿಂದ ಸವರಿ, ಆಮೇಲೆ ಬಿಡಬೇಕು. ಲೀಟರಿಗೆ 25 ಗ್ರಾಂ ಉಪ್ಪು ಕರಗಿಸಿದ ನೀರಿನ ಸಾಪೇಕ್ಷ ಸಾಂದ್ರತೆ ಸುಮಾರು 1.015. ಸಿಹಿನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲುವ ಕಾಯಿ ಬಲಿತಿದೆ, ಆದರೆ ಅತಿಯಾಗಿ ಬಲಿತಿಲ್ಲ ಎಂದು ತಿಳಿಯಬಹುದು. ಪ್ರತಿ ಕಾಯನ್ನೂ ಹೀಗೆ ನೋಡುವುದು ಅಸಾಧ್ಯ. ಒಂದೊಂದು ಮರದಿಂದ ಹತ್ತು ಕಾಯಿ ತೆಗೆದು ನೋಡಿದರೆ ಆ ಮರವನ್ನು ಈ ವಾರ ಕೊಯ್ಯಬೇಕೋ ಮುಂದಿನ ವಾರವೋ ಎಂಬುದು ತಿಳಿಯುತ್ತದೆ.

ಪೂರ್ತಿ ಬಲಿಯಲೆಂದು ಮರದಲ್ಲಿಯೇ ಬಿಡುವುದರಲ್ಲಿಯೂ ಅಪಾಯವಿದೆ. ಬಾದಾಮಿ ತಳಿಯಲ್ಲಿ ಕೆಲವೊಮ್ಮೆ ಹಣ್ಣಿನ ಹೊರಭಾಗ ಚೆನ್ನಾಗಿದ್ದು, ಕೊಯ್ದಾಗ ಒಳಗೆ ಓಟೆಯ ಸುತ್ತ ತಿರುಳು ಬಿಳಿಚಿಕೊಂಡು ಸ್ಪಂಜಿನಂತಾಗಿ ಹುಳಿಯಾಗಿರುತ್ತದೆ. ಹೆಚ್ಚು ದಿನ ಮರದಲ್ಲಿ ಬಿಟ್ಟ ಕಾಯಲ್ಲಿ, ಬಿಸಿಲಿನ ನೆಲದ ಕಾವಿಗೆ ಸಿಕ್ಕಿದ ಕಾಯಲ್ಲಿ ಈ ದೋಷ ಹೆಚ್ಚು. ಹೊರಗಿನಿಂದ ನೋಡಿ ಇದನ್ನು ಗುರುತಿಸಲು ರೈತನಿಗೂ ಆಗುವುದಿಲ್ಲ, ಕ್ಯಾಮೆರಾಗೂ ಆಗುವುದಿಲ್ಲ. ಕೆಟ್ಟ ಹಣ್ಣಿನ ಫೋಟೊ ಕಳಿಸಿದರೆ ಬದಲಿ ಕೊಡುತ್ತೇನೆಂದು ಹೇಳುವುದೊಂದೇ ಇದಕ್ಕಿರುವ ಉತ್ತರ. ಆ ಬದಲಿಯ ವೆಚ್ಚವನ್ನು ಬೆಲೆಯಲ್ಲಿಯೇ ಸೇರಿಸಿಕೊಂಡಿರಬೇಕು.

ಉಸಿರಾಡುವ ಪೆಟ್ಟಿಗೆ

ಕಿತ್ತ ಮೇಲೂ ಮಾವು ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕವನ್ನು ತೆಗೆದುಕೊಂಡು, ಸಕ್ಕರೆಯನ್ನು ಉರಿಸಿ, ಕಾರ್ಬನ್ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕಿಲೋ ಮಾವು ಗಂಟೆಗೆ ಸುಮಾರು 35ರಿಂದ 80 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ನಡುವಿನ 50 ಮಿಲಿಲೀಟರನ್ನು ತೆಗೆದುಕೊಳ್ಳೋಣ. ಒಂದು ಮೋಲ್ ಗ್ಲೂಕೋಸ್ ಉರಿದಾಗ ಸುಮಾರು 2800 ಕಿಲೋಜೂಲ್ ಶಕ್ತಿ ಬಿಡುಗಡೆಯಾಗಿ ಆರು ಮೋಲ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಎಂಬುದರಿಂದ ಲೆಕ್ಕ ಹಾಕಿದರೆ, ಒಂದು ಕಿಲೋ ಹಣ್ಣಿನಿಂದ ಗಂಟೆಗೆ ಹತ್ತಿರ ಹತ್ತಿರ 1 ಕಿಲೋಜೂಲ್ ಶಾಖ, ಅಂದರೆ ಸುಮಾರು 0.27 ವಾಟ್. ಮಾವಿನ ವಿಶಿಷ್ಟೋಷ್ಣ ಕಿಲೋಗೆ ಸುಮಾರು 3.7 ಕಿಲೋಜೂಲ್. ಈ ಶಾಖ ಸ್ವಲ್ಪವೂ ಹೊರಹೋಗದಿದ್ದರೆ ಹಣ್ಣಿನ ತಾಪ ಗಂಟೆಗೆ 0.27 ಡಿಗ್ರಿಯಂತೆ, ದಿನಕ್ಕೆ ಆರೂವರೆ ಡಿಗ್ರಿ ಏರುತ್ತದೆ. ತಾಪ ಏರಿದಷ್ಟೂ ಉಸಿರಾಟ ಚುರುಕಾಗುತ್ತದೆ. ಉಸಿರಾಟ ಚುರುಕಾದಷ್ಟೂ ತಾಪ ಏರುತ್ತದೆ.

ಒಂಟಿಯಾಗಿಟ್ಟ ಮೂರು ಕಿಲೋ ಪೆಟ್ಟಿಗೆಯಿಂದ ಈ 0.8 ವಾಟ್ ಶಾಖ ಸುಲಭವಾಗಿ ಹೊರಹೋಗುತ್ತದೆ. ತೊಂದರೆಯಿರುವುದು ಒತ್ತೊತ್ತಾಗಿ ಜೋಡಿಸಿದ ನೂರೈವತ್ತು ಪೆಟ್ಟಿಗೆಗಳ ನಡುವಿನಲ್ಲಿ. ರಾಶಿಯ ಮಧ್ಯದ ಹಣ್ಣುಗಳು ಹೊರಗಿನವುಗಳಿಗಿಂತ ಬೇಗ ಮಾಗುತ್ತವೆ, ಅವು ಬಿಡುವ ಎಥಿಲೀನ್ ಅನಿಲ ಸುತ್ತಲಿನವನ್ನೂ ಮಾಗಿಸುತ್ತದೆ. ಒಂದೇ ದಿನ ಒಂದೇ ಮರದಿಂದ ಕಿತ್ತ ಕಾಯಿ ಒಬ್ಬರ ಮನೆಯಲ್ಲಿ ಗಟ್ಟಿಯಾಗಿದ್ದು ಇನ್ನೊಬ್ಬರ ಮನೆಯಲ್ಲಿ ಮೆತ್ತಗಾಗಿದ್ದರೆ ಕಾರಣ ಇದಾಗಿರಬಹುದು. ಪೆಟ್ಟಿಗೆಯ ಎದುರುಬದುರು ಪಕ್ಕಗಳಲ್ಲಿ ರಂಧ್ರಗಳಿರಬೇಕು, ಸಾಲುಗಳ ನಡುವೆ ಎರಡು ಬೆರಳಿನ ಅಂತರ ಇರಬೇಕು. ಒಣಹುಲ್ಲನ್ನು ಗಿಡಿದು ತುಂಬಿದರೆ ಅದರಲ್ಲಿ ಸಿಕ್ಕಿಕೊಂಡ ಗಾಳಿ ಶಾಖ ಹೊರಹೋಗದಂತೆ ತಡೆಯುತ್ತದೆ. ಹುಲ್ಲು ಮಾಗಿಸಲು ಒಳ್ಳೆಯದು, ಸಾಗಿಸಲು ಅಲ್ಲ.

ಆದರೂ ಹಣ್ಣಿನ ಶಾಖಕ್ಕಿಂತ ಬಿಸಿಲಿನ ಶಾಖ ಬಹಳ ದೊಡ್ಡದು. 500 ಕಿಲೋ ಹಣ್ಣು ತಾನಾಗಿ ಉತ್ಪಾದಿಸುವುದು 135 ವಾಟ್. ವ್ಯಾನಿನ ಮೂರು ಚದರ ಮೀಟರ್ ಛಾವಣಿಯ ಮೇಲೆ ಮೇ ತಿಂಗಳ ನಡುಹಗಲಿನಲ್ಲಿ ಚದರ ಮೀಟರಿಗೆ 800 ವಾಟ್‌ನಂತೆ 2400 ವಾಟ್ ಬೀಳುತ್ತದೆ. ಅದರಲ್ಲಿ ಕಾಲುಭಾಗ ಒಳಗೆ ಬಂದರೂ ಹಣ್ಣಿನ ಶಾಖದ ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಶ್ರೀನಿವಾಸಪುರದ ಕಡೆಯಿಂದ ಬೆಂಗಳೂರಿಗೆ ಇರುವ ಸುಮಾರು ನೂರು ಕಿಲೋಮೀಟರನ್ನು ಬೆಳಗಿನ ಜಾವ ದಾಟಿ, ಬಿಸಿಲೇರುವ ಮುನ್ನ ಹಂಚಿ ಮುಗಿಸುವುದು ಎಲ್ಲಕ್ಕಿಂತ ಅಗ್ಗದ ತಂಪುಪೆಟ್ಟಿಗೆ.

ಹಣ್ಣು ನೀರನ್ನೂ ಕಳೆದುಕೊಳ್ಳುತ್ತದೆ. ದಿನಕ್ಕೆ ಶೇಕಡ ಒಂದರಂತೆ ಕಳೆದುಕೊಂಡರೆ ಮೂರು ದಿನಕ್ಕೆ ಮೂರು ಕಿಲೋದಲ್ಲಿ 90 ಗ್ರಾಂ ಕಡಿಮೆಯಾಗುತ್ತದೆ. ಮನೆಯಲ್ಲಿ ತೂಗಿ ನೋಡುವ ಗ್ರಾಹಕನಿಗೆ ಇದು ತೂಕದ ಮೋಸವಾಗಿ ಕಾಣುತ್ತದೆ. ಪೆಟ್ಟಿಗೆಗೆ 125 ಗ್ರಾಂ ಹೆಚ್ಚು ತುಂಬಿದರೆ ಈ ಜಗಳವೇ ಹುಟ್ಟುವುದಿಲ್ಲ.

ಕಾಯಿ ಗಟ್ಟಿಯಾಗಿ ಬರುತ್ತದೆ, ಮಾಗಲು ಮನೆಯಲ್ಲಿ ಇನ್ನೂ ನಾಲ್ಕೈದು ದಿನ ಬೇಕು ಎಂಬುದನ್ನು ವಿಡಿಯೊದಲ್ಲಿಯೇ ಹೇಳಬೇಕು. ಇಲ್ಲದಿದ್ದರೆ 'ನಾಳೆಯೇ ತಿನ್ನುವಂತಿರಲಿ' ಎಂಬ ಒತ್ತಾಯ ಬರುತ್ತದೆ. ಇಂಥ ಒತ್ತಾಯಕ್ಕೆ ಸಿಕ್ಕಿ ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನುಬಾಹಿರ. 2011ರ ಆಹಾರ ಸುರಕ್ಷತಾ ನಿಯಮಗಳು ಅದನ್ನು ನಿಷೇಧಿಸಿವೆ. ಅದರಿಂದ ಹೊರಡುವ ಅಸಿಟಲೀನ್ ಸಿಪ್ಪೆಗೆ ಬಣ್ಣ ತರಿಸುತ್ತದೆ, ಜೊತೆಯಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಶ್ಮಲಗಳೂ ಬರುತ್ತವೆ. ಮಾಗಿಸಲೇಬೇಕಾದರೆ ಮುಚ್ಚಿದ ಕೋಣೆಯಲ್ಲಿ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಎಥಿಲೀನ್ ಬಳಸಲು ಅನುಮತಿ ಇದೆ.

ಒಂದು ವಾರದ ಲೆಕ್ಕ

ಇಷ್ಟು ಶ್ರಮಕ್ಕೆ ಪ್ರತಿಫಲ ಇದೆಯೇ? ಕೆಲವು ಅಂಕಿಗಳನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ನಿಮ್ಮ ಊರಿನ ದರಗಳನ್ನು ಇದೇ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಮೂರು ಕಿಲೋ ಪೆಟ್ಟಿಗೆಯ ಬೆಲೆ 300 ರೂಪಾಯಿ. ಪೆಟ್ಟಿಗೆ ಮತ್ತು ಕಾಗದಕ್ಕೆ 40, ಕೊಯ್ದು ವಿಂಗಡಿಸಿ ತುಂಬುವ ಕೂಲಿಗೆ 37.50, ನೂರಕ್ಕೆ ಮೂರು ಪೆಟ್ಟಿಗೆ ಬದಲಿ ಕೊಡಬೇಕಾದೀತೆಂದು 9 ರೂಪಾಯಿ ಕಳೆದರೆ ಉಳಿಯುವುದು 213.50. ಅದೇ 3.125 ಕಿಲೋ ಒಳ್ಳೆಯ ಕಾಯಿ ಮಂಡಿಗೆ ಹೋದರೆ, ಕೂಲಿ ಬಾಡಿಗೆ ಕಳೆದು ಕಿಲೋಗೆ 34 ರೂಪಾಯಿಯಂತೆ ಸುಮಾರು 106 ರೂಪಾಯಿ. ನೇರ ಮಾರಾಟದಿಂದ ಪೆಟ್ಟಿಗೆಗೆ ಬರುವ ಹೆಚ್ಚುವರಿ ಆದಾಯ ಸುಮಾರು 107 ರೂಪಾಯಿ.

ವ್ಯಾನಿನ ಬಾಡಿಗೆ ಮತ್ತು ವಿತರಣೆಗೆ 6500 ರೂಪಾಯಿ ಎಂದುಕೊಳ್ಳೋಣ. ಪೆಟ್ಟಿಗೆ ಎಷ್ಟೇ ಇರಲಿ, ಈ ಮೊತ್ತ ಕೊಡಲೇಬೇಕು. 6500ನ್ನು 107ರಿಂದ ಭಾಗಿಸಿದರೆ 61. ಅಂದರೆ ಒಂದು ಸಲಕ್ಕೆ 61 ಪೆಟ್ಟಿಗೆಗಿಂತ ಕಡಿಮೆ ಬೇಡಿಕೆ ಬಂದರೆ ಮಂಡಿಯೇ ಮೇಲು. 160 ಪೆಟ್ಟಿಗೆ ಹೋದರೆ ಹೆಚ್ಚುವರಿ ಲಾಭ ಸುಮಾರು 10,600 ರೂಪಾಯಿ. 80 ಪೆಟ್ಟಿಗೆಗಾದರೆ 2000 ರೂಪಾಯಿಯಷ್ಟೆ. ಬದಲಿ ಕೊಡಬೇಕಾದ ಪೆಟ್ಟಿಗೆಗಳು ನೂರಕ್ಕೆ ಮೂರರ ಬದಲು ಹದಿನೈದಾದರೆ ಪೆಟ್ಟಿಗೆಯ ಮೇಲಿನ ಹೆಚ್ಚುವರಿ 71 ರೂಪಾಯಿಗೆ ಇಳಿದು, 61ರ ಜಾಗದಲ್ಲಿ 92 ಪೆಟ್ಟಿಗೆ ಬೇಕಾಗುತ್ತದೆ. ನೀರಿನ ಪರೀಕ್ಷೆ, ಪೆಟ್ಟಿಗೆಯ ರಂಧ್ರ, ಬೆಳಗಿನ ಜಾವದ ಪಯಣ ಇವುಗಳ ಬೆಲೆ ಏನೆಂಬುದು ಈ ಅಂಕಿಯಲ್ಲಿ ಕಾಣುತ್ತದೆ.

ಒಂದೇ ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಯವರು ಸೇರಿ ಕೇಳಿದರೆ ವ್ಯಾನ್ ಒಂದೇ ಕಡೆ ನಿಂತರೆ ಸಾಕು. ಬಿಡಿಬಿಡಿ ಮನೆಗಳಾದರೆ ಇಪ್ಪತ್ತು ಕಡೆ ನಿಲ್ಲಬೇಕು, ಅಷ್ಟರಲ್ಲಿ ಬಿಸಿಲೂ ಏರುತ್ತದೆ. ಚದುರಿದ ಗ್ರಾಹಕರನ್ನು ತಲುಪಲು ಕೆಲವರು ಅಂಚೆಯನ್ನು ಬಳಸುತ್ತಾರೆ. ಕರ್ನಾಟಕದ ಮಾವು ಅಭಿವೃದ್ಧಿ ನಿಗಮವೂ ಅಂಚೆ ಇಲಾಖೆಯೂ ಕೂಡಿ 2019ರಲ್ಲಿ ಬೆಂಗಳೂರಿನ ಮನೆಗಳಿಗೆ ರೈತರ ಮಾವಿನ ಪೆಟ್ಟಿಗೆ ಮುಟ್ಟಿಸುವ ಏರ್ಪಾಡು ಆರಂಭಿಸಿದವು.

ಈ ಲೆಕ್ಕದಲ್ಲಿ ಸೇರದ ಒಂದು ಬಾಬತ್ತು ಉಳಿದಿದೆ. 110 ಗ್ರಾಹಕರೊಡನೆ ತಲಾ ಐದು ನಿಮಿಷ ಸಂದೇಶ ವಿನಿಮಯವೆಂದರೆ ವಾರಕ್ಕೆ ಒಂಬತ್ತು ಗಂಟೆ. ಸಾಮಾನ್ಯವಾಗಿ ಮನೆಯ ಮಗಳೋ ಸೊಸೆಯೋ ಈ ಕೆಲಸ ಮಾಡುತ್ತಾರೆ. ಅವರ ಕೂಲಿಯನ್ನು ಯಾರೂ ಬರೆದಿಡುವುದಿಲ್ಲ. ವಿಂಗಡಣೆಯಲ್ಲಿ ತೆಗೆದಿಟ್ಟ ಎರಡನೆಯ ದರ್ಜೆಯ ಕಾಯಿಗೆ ಮಂಡಿಯೋ ತಿರುಳಿನ ಕಾರ್ಖಾನೆಯೋ ಬೇಕೇ ಬೇಕು. ಕಿತ್ತ ಕಾಯಲ್ಲಿ ನೂರಕ್ಕೆ ಎಪ್ಪತ್ತು ಮಾತ್ರ ಪೆಟ್ಟಿಗೆಗೆ ಯೋಗ್ಯವಾದರೆ, 500 ಕಿಲೋ ಕಳಿಸಲು 714 ಕಿಲೋ ಕೀಳಬೇಕಾಗುತ್ತದೆ. ಹೀಗಾಗಿ ನೇರ ಮಾರಾಟ ಮಾಡುವ ರೈತ ಮಂಡಿಯ ನಂಟನ್ನು ಪೂರ್ತಿಯಾಗಿ ಕಡಿದುಕೊಳ್ಳುವಂತಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಮಾವಿನ ಕಾಲ ಮುಗಿಯುವ ಹೊತ್ತಿಗೆ ಶಾಲೆಗಳು ತೆರೆಯುತ್ತವೆ. ಆಗ ಆರು ಕಾಯಿಗಳನ್ನು ತಂದು ಒಂದು ಬಕೆಟ್ ಸಿಹಿನೀರು, ಒಂದು ಬಕೆಟ್ ಉಪ್ಪುನೀರಿನಲ್ಲಿ ಪರೀಕ್ಷಿಸಿ ಗುರುತು ಹಾಕಿ. ಮೂರನ್ನು ರಂಧ್ರವಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಮೂರನ್ನು ರಂಧ್ರವಿಲ್ಲದ ಪೆಟ್ಟಿಗೆಯಲ್ಲಿ ಇಡಿ. ಪ್ರತಿದಿನ ಒಂದೇ ಹೊತ್ತಿಗೆ ತೂಕವನ್ನೂ ಪೆಟ್ಟಿಗೆಯೊಳಗಿನ ತಾಪವನ್ನೂ ಬರೆದುಕೊಳ್ಳಿ. ಜೊತೆಗೆ ಒಂದೇ ಕಾಯನ್ನು ಮರದ ಕೆಳಗೆ, ಬಯಲಿನ ನೆರಳಿನಲ್ಲಿ, ಟ್ಯೂಬ್‌ಲೈಟಿನಡಿ ಬಿಳಿಹಾಳೆ ಇಟ್ಟೂ ಇಡದೆಯೂ ಚಿತ್ರಿಸಿ ಹೋಲಿಸಿ. ವಾರದ ಕೊನೆಗೆ ಹಣ್ಣುಗಳನ್ನು ಕೊಯ್ದು ನೋಡುವಾಗ, ಸಿಹಿನೀರಿನಲ್ಲಿ ತೇಲಿದ ಕಾಯಿಯ ರುಚಿ ಹೇಗಿದೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ.